ಗುಲಾಮರ ವ್ಯಾಪಾರ ನಡೆದದ್ದು ಉದ್ರಿಯ ಮೇಲೆ

ಪ್ರಶ್ನೆ: ಶಾಲೆಯಲ್ಲಿ ‘ತ್ರಿಕೋನ ವ್ಯಾಪಾರ’ದ ನಕ್ಷೆ ಬಿಡಿಸಿದ್ದು ನೆನಪಿದೆ. ಯುರೋಪಿನಿಂದ ಬಟ್ಟೆ, ಆಫ್ರಿಕಾದಿಂದ ಗುಲಾಮರು, ಅಮೆರಿಕದಿಂದ ಸಕ್ಕರೆ. ನಿಜವಾಗಿ ಒಂದೇ ಹಡಗು ಹೀಗೆ ಸುತ್ತುತ್ತಿತ್ತಾ? ಇಷ್ಟು ದೂರದ ವ್ಯಾಪಾರಕ್ಕೆ ದುಡ್ಡು ಎಲ್ಲಿಂದ ಬರುತ್ತಿತ್ತು? ನಮ್ಮ ಕಡೆಯ ಸಿದ್ದಿಗಳಿಗೂ ಇದಕ್ಕೂ ಸಂಬಂಧ ಇದೆಯಾ?
– ಓದುಗರೊಬ್ಬರು, ಶಿರಸಿ

ಉತ್ತರ: ಸಿದ್ದಿಗಳ ವಿಷಯ ಮೊದಲು ಮುಗಿಸೋಣ. ಅವರ ಹಿರಿಯರು ಬಂದದ್ದು ಹಿಂದೂ ಮಹಾಸಾಗರದ ದಾರಿಯಲ್ಲಿ. ಅರಬ್ ವ್ಯಾಪಾರಿಗಳು, ಆಮೇಲೆ ಗೋವೆಯ ಪೋರ್ಚುಗೀಸರು ತಂದವರು. ಅದು ಬೇರೆಯದೇ ಜಾಲ. ನೀವು ಬಿಡಿಸಿದ ನಕ್ಷೆ ಅಟ್ಲಾಂಟಿಕ್ ಸಾಗರದ್ದು. ಅಲ್ಲಿ 16ನೇ ಶತಮಾನದಿಂದ 1860ರ ದಶಕದವರೆಗೆ ಸುಮಾರು 1 ಕೋಟಿ 25 ಲಕ್ಷ ಜನರನ್ನು ಹಡಗು ಹತ್ತಿಸಿದರು. ಆಚೆ ದಡ ಮುಟ್ಟಿದವರು ಸುಮಾರು 1 ಕೋಟಿ 7 ಲಕ್ಷ.

ಆ ನಕ್ಷೆ ಅರ್ಧ ಸತ್ಯ ಅಷ್ಟೇ. ಅತಿ ಹೆಚ್ಚು ಗುಲಾಮರು ಹೋದದ್ದು ಬ್ರೆಜಿಲ್‌ಗೆ. ಅಲ್ಲಿಯ ಬಹಳಷ್ಟು ಹಡಗುಗಳು ಯುರೋಪಿನ ಕಡೆ ತಲೆಯನ್ನೇ ಹಾಕುತ್ತಿರಲಿಲ್ಲ. ಬಾಹಿಯಾದ ತಂಬಾಕು, ರಿಯೋದ ಕಬ್ಬಿನ ಸಾರಾಯಿ ತುಂಬಿಕೊಂಡು ನೇರ ಆಫ್ರಿಕಾಕ್ಕೆ ಹೋಗಿ ಜನರನ್ನು ತರುತ್ತಿದ್ದವು. ತ್ರಿಕೋನ ಒಪ್ಪುವುದು ಹೆಚ್ಚಾಗಿ ಬ್ರಿಟಿಷ್, ಫ್ರೆಂಚ್ ಹಡಗುಗಳಿಗೆ. ಅಲ್ಲೂ ಮೂರನೇ ಗೆರೆ ಸ್ವಲ್ಪ ಮೋಸದ್ದೇ. ಯಾಕೆ ಅಂತ ನೋಡಲು 18ನೇ ಶತಮಾನದ ಲಿವರ್‌ಪೂಲ್‌ನ ಒಂದು ಹಡಗಿನ ಹಿಂದೆ ಹೋಗೋಣ.

ಹಡಗಿಗೆ ದುಡ್ಡು ಹಾಕುವವನು ಸಾಮಾನ್ಯವಾಗಿ ಒಬ್ಬನಲ್ಲ. ನಾಲ್ಕೈದು ವ್ಯಾಪಾರಿಗಳು ಎಂಟನೇ ಒಂದು, ಹದಿನಾರನೇ ಒಂದು ಅಂತ ಪಾಲು ಹಿಡಿಯುತ್ತಿದ್ದರು. ಒಂದು ಹಡಗು ಮುಳುಗಿದರೆ ಇನ್ನೊಂದರ ಪಾಲು ಉಳಿಯುತ್ತಿತ್ತು. ಪೂರ್ತಿ ನಗದೂ ಬೇಕಿರಲಿಲ್ಲ. ಬಟ್ಟೆ, ಬಂದೂಕು, ಕಬ್ಬಿಣದ ಪಟ್ಟಿ, ಮಣಿ ಮಾರುವ ಸಗಟು ವ್ಯಾಪಾರಿಗಳು ಸಾಮಾನನ್ನು ಉದ್ರಿ ಕೊಡುತ್ತಿದ್ದರು, ವರ್ಷಕ್ಕೂ ಹೆಚ್ಚಿನ ಗಡುವಿಗೆ. ಹಡಗು ಒಂದು ಸುತ್ತು ಹೋಗಿ ಬರಲು ವರ್ಷ, ಒಂದೂವರೆ ವರ್ಷ ಬೇಕಾಗುತ್ತಿತ್ತಲ್ಲ.

ಸರಕಿನಲ್ಲಿ ಬಟ್ಟೆಯದೇ ಸಿಂಹಪಾಲು. ಅದರಲ್ಲಿ ಬಹಳಷ್ಟು ಗುಜರಾತ್ ಮತ್ತು ಕೋರಮಂಡಲ ತೀರದ ನೇಕಾರರದ್ದು. ಬಣ್ಣದ ಭಾರತೀಯ ಹತ್ತಿಬಟ್ಟೆಯನ್ನು ಇಂಗ್ಲೆಂಡಿನಲ್ಲಿ ತೊಡುವುದನ್ನೇ 1700ರ ಕಾಯಿದೆ ತಡೆದಿತ್ತು. ಆದರೆ ತರಿಸಿ ಗೋದಾಮಿನಲ್ಲಿಟ್ಟು ಹೊರದೇಶಕ್ಕೆ ಕಳಿಸಲು ಅಡ್ಡಿಯಿರಲಿಲ್ಲ. ಅಲ್ಲಿಂದ ಅದು ಆಫ್ರಿಕಾ ಸೇರಿತು. ಮಾಲ್ಡೀವ್ಸ್‌ನ ಕವಡೆಯೂ ಹಾಗೆಯೇ. ಬಂಗಾಳ, ಸಿಲೋನ್ ದಾಟಿ, ಹಡಗಿನ ತಳಭಾರವಾಗಿ ಲಂಡನ್, ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ, ಅಲ್ಲಿಂದ ಪಶ್ಚಿಮ ಆಫ್ರಿಕಾದ ವಿಡಾ ಬಂದರಿನಲ್ಲಿ ನಾಣ್ಯವಾಗಿ ಚಲಾವಣೆಯಾಗುತ್ತಿತ್ತು. ಹಾಗಾಗಿ ಮೂರು ಖಂಡ ಅಂದರೂ ನಾಲ್ಕನೆಯದು ಒಳಗೇ ಕೂತಿತ್ತು.

ಈಗ ಹಡಗು ಇಂದಿನ ನೈಜೀರಿಯಾದ ಓಲ್ಡ್ ಕ್ಯಾಲಬಾರ್‌ಗೆ ಬಂತು ಅನ್ನೋಣ. ದಡದಲ್ಲಿ ಗುಲಾಮರನ್ನು ಸಾಲಾಗಿ ನಿಲ್ಲಿಸಿಕೊಂಡು ಯಾರೂ ಕಾಯುತ್ತಿರಲಿಲ್ಲ. ಕಪ್ತಾನ ಮೊದಲು ಅಲ್ಲಿಯ ಮುಖಂಡನಿಗೆ ಸುಂಕ ಕಟ್ಟಬೇಕು. ಆಮೇಲೆ ತನ್ನ ಸರಕನ್ನು ಅಲ್ಲಿಯ ಎಫಿಕ್ ಜನಾಂಗದ ದಲ್ಲಾಳಿಗಳಿಗೆ ಉದ್ರಿ ಕೊಡಬೇಕು. ಅವರು ದೋಣಿಯಲ್ಲಿ ಒಳನಾಡಿನ ಸಂತೆಗಳಿಗೆ ಹೋಗಿ, ಆ ಸರಕು ಕೊಟ್ಟು ಜನರನ್ನು ಕೊಂಡು ತರುತ್ತಿದ್ದರು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಲ್ಲಿಯವರೆಗೆ ಭದ್ರತೆ ಏನು? ಮನುಷ್ಯರೇ. ದಲ್ಲಾಳಿ ತನ್ನ ಮಗನನ್ನೋ ನೆಂಟನನ್ನೋ ಹಡಗಿನಲ್ಲಿ ಒತ್ತೆ ಇಡುತ್ತಿದ್ದ. ಹೇಳಿದ ಗಡುವಿಗೆ ಸರಿಯಾಗಿ ಗುಲಾಮರು ಬಂದರೆ ಬಿಡುಗಡೆ. ಇಲ್ಲದಿದ್ದರೆ ಒತ್ತೆಯವನನ್ನೇ ಹೊತ್ತುಕೊಂಡು ಹಡಗು ಹೊರಟುಬಿಡಬಹುದು. ಈ ದಲ್ಲಾಳಿಗಳನ್ನು ಏನೂ ತಿಳಿಯದವರು ಅಂದುಕೊಳ್ಳಬೇಡಿ. ಇಂಗ್ಲಿಷ್ ಓದುಬರಹ, ಲೆಕ್ಕ ಬಲ್ಲವರು. ಅಂಟೇರಾ ಡ್ಯೂಕ್ ಎಂಬ ದಲ್ಲಾಳಿ 1785ರಿಂದ 1788ರವರೆಗೆ ಬರೆದ ದಿನಚರಿ ಇವತ್ತಿಗೂ ಓದಲು ಸಿಗುತ್ತದೆ.

ನಂಬಿಕೆ ಕೆಟ್ಟರೆ ಏನಾಗುತ್ತಿತ್ತು ಅನ್ನುವುದಕ್ಕೆ 1767 ಸಾಕು. ಕ್ಯಾಲಬಾರ್‌ನ ಎರಡು ಪಂಗಡಗಳ ಜಗಳ ಬಿಡಿಸುತ್ತೇವೆ ಅಂತ ಇಂಗ್ಲಿಷ್ ಕಪ್ತಾನರು ಅದರಲ್ಲಿ ಒಂದು ಪಂಗಡವಾದ ಓಲ್ಡ್ ಟೌನ್‌ನವರನ್ನು ಹಡಗಿಗೆ ಕರೆದರು. ಬಂದವರ ಮೇಲೆ ಬಿದ್ದು ನೂರಾರು ಜನರನ್ನು ಕೊಂದರು, ಸೆರೆಹಿಡಿದರು. ಸಿಕ್ಕಿಬಿದ್ದವರಲ್ಲಿ ಮುಖಂಡ ಗ್ರ್ಯಾಂಡಿ ಕಿಂಗ್ ಜಾರ್ಜ್‌ನ ಮನೆತನದ ಇಬ್ಬರು ವ್ಯಾಪಾರಿಗಳಿದ್ದರು. ಅವರನ್ನು ಡೊಮಿನಿಕಾದಲ್ಲಿ ಮಾರಿದರು, ಅಲ್ಲಿಂದ ವರ್ಜೀನಿಯಾ, ಕೊನೆಗೆ ಬ್ರಿಸ್ಟಲ್. 1773ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿ ಬಿಡಿಸಿಕೊಂಡು, ಮರುವರ್ಷ ಊರಿಗೆ ಮರಳಿದರು. ನನಗೆ ಜಾಸ್ತಿ ಆಶ್ಚರ್ಯ ತರುವುದು ಇನ್ನೊಂದು ಸಂಗತಿ. ಅದೇ 1773ರಲ್ಲಿ ಗ್ರ್ಯಾಂಡಿ ಕಿಂಗ್ ಜಾರ್ಜ್ ಲಿವರ್‌ಪೂಲ್‌ನ ಆಂಬ್ರೋಸ್ ಲೇಸ್‌ಗೆ ಪತ್ರ ಬರೆದು, ಆರಡಿ ಉದ್ದ, ಆರಡಿ ಅಗಲದ ಕನ್ನಡಿಯೊಂದನ್ನು ಕಳಿಸಿ ಅಂತ ಕೇಳುತ್ತಾನೆ. ಈ ಲೇಸ್ 1767ರಲ್ಲಿ ಅಲ್ಲೇ ಇದ್ದ ಕಪ್ತಾನರಲ್ಲಿ ಒಬ್ಬ! ವ್ಯಾಪಾರ ನಿಲ್ಲಲಿಲ್ಲ.

ಅಟ್ಲಾಂಟಿಕ್ ದಾಟಲು ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ತಿಂಗಳು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಮಂಡಿ ವರ್ತಕನೊಬ್ಬ ಕಮಿಷನ್‌ಗೆ ಜನರನ್ನು ಮಾರಿಸುತ್ತಿದ್ದ. ಕೊಳ್ಳುವ ತೋಟದ ಮಾಲೀಕನ ಹತ್ತಿರ ನಗದು ಇರುತ್ತಿರಲಿಲ್ಲ. ಸಕ್ಕರೆ ಮಾರಿ ಕೊಡುತ್ತೇನೆ ಅನ್ನುತ್ತಿದ್ದ. ಅದಕ್ಕೆ ಕಾಯುತ್ತಾ ಕೂತರೆ ಹಡಗಿನ ಖರ್ಚೇ ಮೈಮೇಲೆ ಬರುತ್ತಿತ್ತು. ಇದಕ್ಕೆ ಕಂಡುಕೊಂಡ ಉಪಾಯ ಹುಂಡಿ, ಅಂದರೆ ಗೊತ್ತಾದ ದಿನಕ್ಕೆ ಇಷ್ಟು ಹಣ ಕೊಡಬೇಕು ಅಂತ ಬರೆದ ಪತ್ರ. ಮಂಡಿ ವರ್ತಕ ಲಂಡನ್ನಿನ ಒಂದು ಶ್ರೀಮಂತ ಪೇಢಿಯ ಮೇಲೆ ಹುಂಡಿ ಬರೆದು, ಅದೇ ಹಡಗಿನಲ್ಲಿ ಕಳಿಸಿಬಿಡುತ್ತಿದ್ದ. ಸುಮ್ನೆ ಲೆಕ್ಕಕ್ಕೆ, 9,000 ಪೌಂಡ್ ಮಾರಾಟವಾಯಿತು ಅನ್ನಿ. 3,000ದ ಮೂರು ಹುಂಡಿ. ಗಡುವು 12, 24 ಮತ್ತು 36 ತಿಂಗಳು. ತೋಟದವನು ಕೈಯೆತ್ತಿದರೂ ಒಪ್ಪಿಕೊಂಡ ಹುಂಡಿಗೆ ಲಂಡನ್ ಪೇಢಿಯೇ ಹೊಣೆ. ಲಿವರ್‌ಪೂಲ್‌ನ ವ್ಯಾಪಾರಿ ಮೂರು ವರ್ಷ ಕಾಯಬೇಕಿರಲಿಲ್ಲ. ಹುಂಡಿಯನ್ನು ಬ್ಯಾಂಕಿಗೆ ಕೊಟ್ಟು, ಗಡುವಿಗೆ ಮೊದಲೇ ಹಣ ಕೊಡುವುದಕ್ಕೆ ಬ್ಯಾಂಕು ಹಿಡಿಯುವ ವಟ್ಟಾ ಕಳೆದು ಉಳಿದದ್ದನ್ನು ಪಡೆದು, ಬಟ್ಟೆಯವನ ಬಾಕಿ ತೀರಿಸಿ, ಮುಂದಿನ ಹಡಗು ಹೊರಡಿಸುತ್ತಿದ್ದ. ಹೀಗಾಗಿ ಗುಲಾಮರ ಹಡಗು ಎಷ್ಟೋ ಸಲ ಸ್ವಲ್ಪವೇ ಸರಕಿನೊಂದಿಗೆ ವಾಪಸಾಗುತ್ತಿತ್ತು. ಅದರಲ್ಲಿದ್ದ ಬೆಲೆಬಾಳುವ ವಸ್ತು ಕಾಗದ. ಸಕ್ಕರೆಯ ಬಹುಪಾಲು ಸಕ್ಕರೆಗೆಂದೇ ಇದ್ದ ಬೇರೆ ಹಡಗುಗಳಲ್ಲಿ ಹೋಗುತ್ತಿತ್ತು. ಒಂದು ಹಡಗಿನ ಜನರ ಬೆಲೆಗೆ ಸಿಗುವ ಸಕ್ಕರೆ ಆ ಒಂದೇ ಹಡಗಿನಲ್ಲಿ ಹಿಡಿಸುತ್ತಲೂ ಇರಲಿಲ್ಲ.

ಲಂಡನ್ ಇಷ್ಟು ಧೈರ್ಯವಾಗಿ ಸಾಲ ಕೊಟ್ಟದ್ದಕ್ಕೆ ಕಾನೂನಿನ ಬೆಂಬಲವೂ ಇತ್ತು. 1732ರ ಕಾಯಿದೆಯ ಪ್ರಕಾರ ವಸಾಹತಿನ ಸಾಲಗಾರನ ಜಮೀನು, ಮನೆ, ಗುಲಾಮರು ಎಲ್ಲವನ್ನೂ ಬ್ರಿಟಿಷ್ ಸಾಲಿಗ ಜಪ್ತಿ ಮಾಡಿಸಬಹುದಿತ್ತು. ಅಂದರೆ ಉದ್ರಿಯಲ್ಲಿ ಕೊಂಡ ಮನುಷ್ಯನೇ ಆ ಉದ್ರಿಗೆ ಅಡಮಾನ. ಲಾಭ ಮಾತ್ರ ಜನ ಅಂದುಕೊಳ್ಳುವಷ್ಟು ಇರಲಿಲ್ಲ. ಬ್ರಿಟಿಷ್ ವ್ಯಾಪಾರಿಗಳ ಉಳಿದ ಲೆಕ್ಕಪುಸ್ತಕಗಳಿಂದ ಇತಿಹಾಸಕಾರರು ತೆಗೆದ ಸರಾಸರಿ ನೂರಕ್ಕೆ 8ರಿಂದ 10. ಕೆಲವರಿಗೆ ಭರ್ಜರಿ, ಕೆಲವರು ದಿವಾಳಿ. ಹುಂಡಿಗಳು ಹಣ ಸಿಗದೆ ಮರಳಿ ಬರತೊಡಗಿದರೆ ಇಡೀ ಸರಪಳಿ ಅಲುಗಾಡುತ್ತಿತ್ತು. 1793ರ ಹಣದ ಬಿಕ್ಕಟ್ಟಿನಲ್ಲಿ ಲಿವರ್‌ಪೂಲ್ ನಗರಸಭೆ ಪಾರ್ಲಿಮೆಂಟಿನ ಅನುಮತಿ ಪಡೆದು ತನ್ನದೇ ನೋಟು ಹೊರಡಿಸಬೇಕಾಯಿತು.

ಬ್ರಿಟನ್ 1807ರಲ್ಲಿ ಈ ವ್ಯಾಪಾರ ನಿಷೇಧಿಸಿತು. 1833ರಲ್ಲಿ ತನ್ನ ಬಹುಪಾಲು ವಸಾಹತುಗಳ ಗುಲಾಮಗಿರಿಯನ್ನೇ ಕೊನೆಗಾಣಿಸುವ ಕಾಯಿದೆ ಮಾಡಿ, ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಇಲ್ಲ. ಎಷ್ಟೋ ತೋಟಗಳು ಅಡಮಾನದಲ್ಲಿದ್ದುದರಿಂದ ಆ ಹಣದ ದೊಡ್ಡ ಪಾಲು ಲಂಡನ್ನಿನ ಸಾಲಿಗರ ಕೈ ಸೇರಿತು. ಪರಿಹಾರ ಕೊಡಲು ಸರ್ಕಾರವೂ ಸಾಲ ಎತ್ತಿತ್ತು. ಬ್ರಿಟಿಷ್ ಖಜಾನೆಯೇ ಹೇಳಿರುವಂತೆ ಅದು ಪೂರ್ತಿ ತೀರಿದ್ದು 2015ರಲ್ಲಿ.