ತೂಕ ಸರಿಯಿದ್ದರೂ ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು ಏಕೆ?

ಪ್ರಶ್ನೆ: ನಾನು ಕಾರವಾರದವನು, ವಯಸ್ಸು 42, ಎತ್ತರ 170 ಸೆಂ.ಮೀ., ತೂಕ 64 ಕೆಜಿ, ಸೊಂಟದ ಸುತ್ತಳತೆ 93 ಸೆಂ.ಮೀ. ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 210 ಬಂದಿದೆ. ತೂಕ ಸರಿಯಿದ್ದೂ ಹೀಗೇಕೆ? ಅಪಾಯವಿದೆಯೇ?

ಉತ್ತರ: ಕೊಬ್ಬು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದೇ ಇಲ್ಲಿ ಮುಖ್ಯ ಕಾರಣ. ಭಾರತೀಯ ಮೂಲದವರಲ್ಲಿ ಸಾಮಾನ್ಯವಾಗಿ ಸ್ನಾಯು ಕಡಿಮೆಯಿದ್ದು, ಕೊಬ್ಬು ಹೊಟ್ಟೆಯ ಒಳಭಾಗದಲ್ಲೂ ಯಕೃತ್ತಿನಲ್ಲೂ ಬೇಗ ಸೇರುತ್ತದೆ. ಇದರಿಂದ ಇನ್ಸುಲಿನ್ನಿನ ಪರಿಣಾಮ ಕುಗ್ಗಿ, ಯಕೃತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಹೆಚ್ಚಾಗಿ ರಕ್ತಕ್ಕೆ ಬಿಡುತ್ತದೆ. ಆ ಟ್ರೈಗ್ಲಿಸರೈಡಿನ ಒಂದು ಪಾಲು, ಕೊಲೆಸ್ಟ್ರಾಲಿನ ಬದಲಿಗೆ, ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್‌ನ ಕಣದೊಳಗೆ ಸೇರುತ್ತದೆ. ಹಾಗೆ ಬದಲಾದ ಕಣ ಚಿಕ್ಕದಾಗಿ ದೇಹದಿಂದ ಬೇಗ ಹೊರಹೋಗುತ್ತದೆ. ಆದ್ದರಿಂದಲೇ ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ. ಎರಡು ಹೊತ್ತೂ ತಟ್ಟೆ ತುಂಬ ಅನ್ನ ಉಂಡು, ಮೀನು ಒಂದೇ ತುಂಡು ಇರುವ ನಮ್ಮ ಕರಾವಳಿಯ ಊಟ ಇದನ್ನು ಹೆಚ್ಚಿಸಬಲ್ಲದು.

ನಿಮ್ಮ ಬಿಎಂಐ 22, ಅಂದರೆ ಸರಿಯೇ ಇದೆ. ಆದರೆ ಸೊಂಟ ಭಾರತೀಯ ಪುರುಷರಿಗೆ ಹೇಳುವ 90 ಸೆಂ.ಮೀ. ಮಿತಿಯನ್ನು ದಾಟಿದೆ. ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್, ನಿಮ್ಮ ಅಂಕಿಗಳಿಂದ ಲೆಕ್ಕ ಹಾಕಿದರೆ, ಸುಮಾರು 114 ಬರುತ್ತದೆ, ಅದನ್ನಷ್ಟೇ ನೋಡಿದರೆ ನೆಮ್ಮದಿ ಎನಿಸಬಹುದು. ಆದರೆ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ: 190ರಲ್ಲಿ 34 ಹೋದರೆ 156. ರಕ್ತನಾಳದ ಗೋಡೆಗೆ ಸೇರಬಲ್ಲ ಎಲ್ಲ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿದೆ. ಸಾಮಾನ್ಯವಾಗಿ 130ಕ್ಕಿಂತ ಕಡಿಮೆ ಇರಬೇಕು. ನನ್ನ ದೃಷ್ಟಿಯಲ್ಲಿ ನಿಮ್ಮ ವರದಿಯಲ್ಲಿ ಎಲ್ಲಕ್ಕಿಂತ ಗಮನಿಸಬೇಕಾದ ಅಂಕಿ ಇದೇ. ರಕ್ತದೊತ್ತಡ, ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ತಂಬಾಕು, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇವನ್ನೂ ಸೇರಿಸಿ ವೈದ್ಯರು ಅಪಾಯವನ್ನು ಅಳೆಯುತ್ತಾರೆ. ಎಚ್‌ಡಿಎಲ್ ಏರಿಸುವುದಕ್ಕೆಂದೇ ಮಾತ್ರೆ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳಲ್ಲಿ ಹೃದಯಕ್ಕೆ ನಿರೀಕ್ಷಿಸಿದ ಲಾಭ ಕಾಣದ ಕಾರಣ, ಚಿಕಿತ್ಸೆಯ ಗುರಿ 34 ಅಲ್ಲ, ಆ 156 ಮತ್ತು ಸೊಂಟ.