1 ಲೀಟರ್ ಪ್ಯಾಕೆಟ್ಟೋ, 5 ಕೆ.ಜಿ. ಕ್ಯಾನೋ: ಅಡುಗೆ ಎಣ್ಣೆಯಲ್ಲಿ ಯಾವುದು ಅಗ್ಗ?

ಪ್ರಶ್ನೆ: ಒಂದೇ ಕಂಪನಿಯ ಸೂರ್ಯಕಾಂತಿ ಎಣ್ಣೆ. 1 ಲೀಟರ್ ಪ್ಯಾಕೆಟ್ಟಿಗೆ 144 ರೂಪಾಯಿ, 5 ಕೆ.ಜಿ. ಕ್ಯಾನಿಗೆ 780 ರೂಪಾಯಿ. ಐದು ಪ್ಯಾಕೆಟ್ ತಗೊಂಡ್ರೆ 720 ಆಗುತ್ತೆ, ಅಂದ್ರೆ ಕ್ಯಾನಿಗಿಂತ 60 ರೂಪಾಯಿ ಕಮ್ಮಿ. ದೊಡ್ಡದು ತಗೊಂಡ್ರೆ ಅಗ್ಗ ಅನ್ನೋದು ಸುಳ್ಳಾ?

ಉತ್ತರ: ಇಲ್ಲಿ ಕ್ಯಾನೇ ಅಗ್ಗ, ಆದರೆ ತೀರಾ ಸ್ವಲ್ಪ. ಕೆ.ಜಿ.ಗೆ ಎರಡು ರೂಪಾಯಿ ಚಿಲ್ಲರೆಯಷ್ಟೇ ವ್ಯತ್ಯಾಸ. ನಿಮ್ಮ ಲೆಕ್ಕ ಎಡವಿದ್ದು ಒಂದೇ ಕಡೆ: ಐದು ಲೀಟರನ್ನೂ ಐದು ಕೆ.ಜಿ.ಯನ್ನೂ ಒಂದೇ ಅಂದುಕೊಂಡಿದ್ದೀರಿ. ನೀರಾಗಿದ್ದರೆ ಅದು ಸರಿ. ಎಣ್ಣೆ ನೀರಿಗಿಂತ ಹಗುರ, ಅದಕ್ಕೇ ನೀರಿನ ಮೇಲೆ ತೇಲುತ್ತದೆ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಸೂರ್ಯಕಾಂತಿ, ಶೇಂಗಾ, ಸೋಯಾ, ಯಾವುದೇ ಇರಲಿ, ಆಸುಪಾಸು ಇದೇ ಅಂಕಿ.

ಹಾಗಾಗಿ ಮೊದಲು ಪ್ಯಾಕೆಟ್ಟನ್ನು ತೂಕಕ್ಕೆ ತನ್ನಿ. ಪ್ಯಾಕೆಟ್ಟಿನ ಹಿಂದೆ ನಿವ್ವಳ ಪ್ರಮಾಣ ಬರೆದಿರುವ ಕಡೆ ನೋಡಿ. ಎಷ್ಟೋ ಕಂಪನಿಗಳು ಲೀಟರಿನ ಪಕ್ಕದಲ್ಲೇ ಗ್ರಾಂ ಕೂಡ ಮುದ್ರಿಸುತ್ತವೆ. ಅಲ್ಲಿ 910 ಗ್ರಾಂ ಎಂದಿದೆ ಅಂತಿಟ್ಟುಕೊಳ್ಳಿ. ಕೆ.ಜಿ. ದರ ಬೇಕಾದರೆ ಬೆಲೆಯನ್ನು ಕೆ.ಜಿ.ಯಲ್ಲಿರುವ ತೂಕದಿಂದ ಭಾಗಿಸಬೇಕು:

144 ÷ 0.910 = 158.24
780 ÷ 5 = 156.00

ಪ್ಯಾಕೆಟ್ ಎಣ್ಣೆ ಕೆ.ಜಿ.ಗೆ 158 ರೂಪಾಯಿ 24 ಪೈಸೆ, ಕ್ಯಾನಿನದು 156. ಐದು ಕೆ.ಜಿ. ಎಣ್ಣೆಯನ್ನು ಪ್ಯಾಕೆಟ್ಟಿನಲ್ಲೇ ತರಬೇಕೆಂದರೆ ಐದಲ್ಲ, ಸುಮಾರು ಐದೂವರೆ ಪ್ಯಾಕೆಟ್ ಬೇಕು; ಅದಕ್ಕೆ 791 ರೂಪಾಯಿ. ನಿಮಗೆ ಕಂಡ 60 ರೂಪಾಯಿ ಲಾಭ ಹೋಗಿ 11 ರೂಪಾಯಿ ನಷ್ಟ ಆಗುವುದು ಹೀಗೆ.

ಈ ಭಾಗಾಕಾರದಲ್ಲಿ ಜನ ಮಾಡುವ ತಪ್ಪು ಎಂದರೆ 0.91ರಿಂದ ಭಾಗಿಸುವ ಬದಲು ಗುಣಿಸಿಬಿಡುವುದು. ಆಗ 131 ಬರುತ್ತದೆ, ಪ್ಯಾಕೆಟ್ ಇನ್ನಷ್ಟು ಅಗ್ಗವಾಗಿ ಕಾಣುತ್ತದೆ. ತಪ್ಪನ್ನು ಹಿಡಿಯುವುದು ಸುಲಭ: ಒಂದು ಕೆ.ಜಿ. ಎಣ್ಣೆ ಒಂದು ಲೀಟರಿಗಿಂತ ಜಾಸ್ತಿ, ಆದ್ದರಿಂದ ಅದೇ ಎಣ್ಣೆಯ ಕೆ.ಜಿ. ದರ ಯಾವಾಗಲೂ ಲೀಟರ್ ದರಕ್ಕಿಂತ ಮೇಲೇ ಇರಬೇಕು. ಉತ್ತರ ಕೆಳಗೆ ಬಂದರೆ ಲೆಕ್ಕ ತಿರುಗುಮುರುಗಾಗಿದೆ ಎಂದೇ ಅರ್ಥ. ಅಂಗಡಿಯಲ್ಲಿ ನಿಂತು ಬಾಯಿಲೆಕ್ಕ ಹಾಕುವುದಾದರೆ ಲೀಟರ್ ದರಕ್ಕೆ ಹತ್ತನೇ ಒಂದು ಭಾಗ ಸೇರಿಸಿ, ಸಾಕು. 144ಕ್ಕೆ 14.40 ಸೇರಿಸಿದರೆ 158.40. ನಿಖರ ಉತ್ತರಕ್ಕೂ ಇದಕ್ಕೂ 16 ಪೈಸೆ ಅಂತರ, ಅಷ್ಟೇ.

ಆದರೆ ನಿಮ್ಮ ಉದಾಹರಣೆಯಲ್ಲಿ ಎರಡು ದರಗಳೂ ತುಂಬಾ ಹತ್ತಿರ ಇವೆ. ಇಂಥ ಕಡೆ ಅಂದಾಜು 910 ನೆಚ್ಚಿಕೊಳ್ಳಬೇಡಿ, ಮುದ್ರಿಸಿದ ಗ್ರಾಂ ಅನ್ನೇ ಓದಿ. ಕಾರಣ, ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ. 20 ಡಿಗ್ರಿಯಲ್ಲಿ ಅಳೆದ ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ 920 ಗ್ರಾಂ ಹತ್ತಿರ ತೂಗಿದರೆ, 60 ಡಿಗ್ರಿಯಲ್ಲಿ ಅಳೆದ ಒಂದು ಲೀಟರ್ 890 ಗ್ರಾಂ ಆಸುಪಾಸು ಮಾತ್ರ. ಎರಡೂ ‘1 ಲೀಟರ್’ ಎಂದೇ ಬರೆಸಿಕೊಳ್ಳಬಹುದು. ಲೀಟರಿನ ಪಕ್ಕ ಸಣ್ಣ ಅಕ್ಷರದಲ್ಲಿ ಉಷ್ಣತೆ ಕಂಡರೆ ಅದು ಇದೇ ಕಥೆ. 890 ಗ್ರಾಂ ಪ್ಯಾಕೆಟ್ ಆದರೆ ಕೆ.ಜಿ.ಗೆ 161 ರೂಪಾಯಿ 80 ಪೈಸೆ ಬೀಳುತ್ತದೆ. ನಿಮ್ಮ ಬೆಲೆಗಳಿಗೆ ಗಡಿ ಎಲ್ಲಿದೆ ಎಂದರೆ 144ನ್ನು 156ರಿಂದ ಭಾಗಿಸಿ: 0.923. ಅಂದರೆ ಪ್ಯಾಕೆಟ್ಟಿನಲ್ಲಿ 923 ಗ್ರಾಂಗಿಂತ ಹೆಚ್ಚಿದ್ದರೆ ಮಾತ್ರ ಪ್ಯಾಕೆಟ್ ಗೆಲ್ಲುತ್ತದೆ. ಗ್ರಾಂ ಹೀಗೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ; ನಾನು ಎಣ್ಣೆಯನ್ನು ತೂಕದಲ್ಲೇ ಹೋಲಿಸಿ ಎನ್ನುವುದು ಅದಕ್ಕೇ.

ಗ್ರಾಂ ಬರೆದೇ ಇಲ್ಲವಾದರೆ ಮನೆಯ ಅಡುಗೆ ತಕ್ಕಡಿ ಸಾಕು. ತುಂಬಿದ ಪ್ಯಾಕೆಟ್ ತೂಗಿ ಬರೆದಿಡಿ. ಎಣ್ಣೆ ಸುರಿದಾದ ಮೇಲೆ ಖಾಲಿ ಪ್ಯಾಕೆಟ್ಟನ್ನು ಒರೆಸಿ ತೂಗಿ ಕಳೆಯಿರಿ. ಒರೆಸದೆ ತೂಗಿದರೆ ಒಳಗೆ ಅಂಟಿದ ಎಣ್ಣೆಯೂ ಪ್ಲಾಸ್ಟಿಕ್ಕಿನ ಲೆಕ್ಕಕ್ಕೆ ಸೇರಿ ಎಣ್ಣೆ ಕಮ್ಮಿ ಇದ್ದ ಹಾಗೆ ತೋರುತ್ತದೆ. ಕ್ಯಾನನ್ನು ಹೀಗೇ ತೂಗಿದರೆ ಖಾಲಿ ಡಬ್ಬದ ತೂಕ ಕಳೆಯುವುದನ್ನು ಮರೆಯಬೇಡಿ. ಅದು ಪ್ಯಾಕೆಟ್ಟಿನಂತೆ ನಾಲ್ಕಾರು ಗ್ರಾಂ ಆಗಿರುವುದಿಲ್ಲ.

ಕಪಾಟಿನ ಚೀಟಿಯಲ್ಲಿ ‘100ಕ್ಕೆ ಇಷ್ಟು’ ಎಂದು ದರ ಹಾಕಿದ್ದರೂ ಒಮ್ಮೆ ಕಣ್ಣಾಡಿಸಿ. ಒಂದು ಚೀಟಿ 100 ಮಿ.ಲೀ. ದರ, ಪಕ್ಕದ್ದು 100 ಗ್ರಾಂ ದರ ಆಗಿದ್ದರೆ ಅವನ್ನು ನೇರವಾಗಿ ಹೋಲಿಸುವಂತಿಲ್ಲ. ನಿಮ್ಮ ಎಣ್ಣೆಗೆ ಅವು 14.40 ಮತ್ತು 15.60 ಎಂದು ಬಂದು, ಮತ್ತೆ ಅದೇ ಹಳ್ಳಕ್ಕೆ ಬೀಳಿಸುತ್ತವೆ. ರಿಯಾಯಿತಿ ಇದ್ದರೆ ಬಿಲ್ಲಿನಲ್ಲಿ ನಿಜವಾಗಿ ಕೊಡುವ ಹಣವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಕ್ಯಾನ್ ತರುವ ಮುಂಚೆ ಇನ್ನೊಂದು ಭಾಗಾಕಾರ ಮಾಡಿ. 780ನ್ನು ಪ್ಯಾಕೆಟ್ಟಿನ ದರ 158.24ರಿಂದ ಭಾಗಿಸಿದರೆ 4.929. ಅಂದರೆ ಐದು ಕೆ.ಜಿ.ಯಲ್ಲಿ 4 ಕೆ.ಜಿ. 929 ಗ್ರಾಂ ಬಳಸಿದಾಗ ಎರಡೂ ಸಮ. ತಳದಲ್ಲಿ ಉಳಿದ 71 ಗ್ರಾಂ, ಅಂದಾಜು ಐದು ದೊಡ್ಡ ಚಮಚ ಎಣ್ಣೆ, ಕೆಟ್ಟು ಚೆಲ್ಲಿದರೂ ಅಗ್ಗ ಎಂಬ ಮಾತು ಮುಗಿಯಿತು. ಕಾಲು ಕೆ.ಜಿ. ಚೆಲ್ಲಿದರೆ ನಿಮಗೆ ಬಿದ್ದ ದರ ಕೆ.ಜಿ.ಗೆ 164ರ ಮೇಲೆ.

ಕೆಡುವುದು ಯಾಕೆಂದರೆ, ಕ್ಯಾನ್ ಖಾಲಿಯಾದಷ್ಟೂ ಒಳಗೆ ಗಾಳಿ ತುಂಬುತ್ತದೆ. ಆ ಗಾಳಿಯ ಆಮ್ಲಜನಕ ಎಣ್ಣೆಯ ಜೊತೆ ಸೇರಿ ಮುಗ್ಗುವಾಸನೆ ಬರಿಸುತ್ತದೆ, ಬೆಳಕು ಮತ್ತು ಒಲೆಯ ಬಿಸಿ ಅದನ್ನು ಬೇಗ ಮಾಡಿಸುತ್ತವೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆ ಇದಕ್ಕೆ ಬೇಗ ಬಗ್ಗುವ ಜಾತಿ. ಹಳೇ ಪೇಂಟಿನಂಥ ವಾಸನೆ, ಗಂಟಲಲ್ಲಿ ಕೆರೆದಂಥ ಕಹಿ, ಇವೆರಡೇ ಗುರುತು. ಕ್ಯಾನ್ ಒಡೆದ ದಿನವೇ ಒದ್ದೆಯಿಲ್ಲದ ಸಣ್ಣ ಬಾಟಲಿಗಳಿಗೆ ಕುತ್ತಿಗೆವರೆಗೆ ತುಂಬಿ, ಮುಚ್ಚಿ, ಕತ್ತಲಲ್ಲಿಟ್ಟು ಒಂದೊಂದಾಗಿ ತೆಗೆದರೆ ತಳದ ಎಣ್ಣೆಯೂ ಉಳಿಯುತ್ತದೆ. ಒಡೆದ ಮೇಲೆ ಎಷ್ಟು ದಿನದೊಳಗೆ ಬಳಸಬೇಕು ಎಂದು ಲೇಬಲ್ಲಿನಲ್ಲಿದ್ದರೆ ನಿಮ್ಮ ಮನೆಯ ಖರ್ಚಿಗೆ ಅದು ಹೊಂದುತ್ತದೆಯೇ ನೋಡಿ. ಅಷ್ಟರಲ್ಲಿ ಐದು ಕೆ.ಜಿ. ಮುಗಿಯುವುದಾದರೆ ಕ್ಯಾನ್ ತನ್ನಿ. ಮುಗಿಯದು ಅನ್ನಿಸಿದರೆ 11 ರೂಪಾಯಿ ಹೋಗಲಿ, ಪ್ಯಾಕೆಟ್ಟೇ ಇರಲಿ.