ಇಬ್ಬರು ಸಹೋದ್ಯೋಗಿಗಳ ನಡುವಿನ ರಾಜಿ ಮಾತುಕತೆಯ ಟಿಪ್ಪಣಿ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮ ಆಸ್ಪತ್ರೆಯ ಲ್ಯಾಬ್‌ನಲ್ಲಿ ಬೆಳಗಿನ ಪಾಳಿಯವರಿಗೂ ಮಧ್ಯಾಹ್ನದ ಪಾಳಿಯವರಿಗೂ ಬಾಕಿ ಸ್ಯಾಂಪಲ್ ವಿಚಾರಕ್ಕೆ ದಿನಾ ಜಗಳ. ಒಂದು ಸಲ ರೋಗಿಗಳ ಎದುರಿಗೇ ಕೂಗಾಟವಾಯಿತು. ಇಬ್ಬರನ್ನೂ ಕೂರಿಸಿ ಮಾತಾಡಿಸಿದೆ, ಒಪ್ಪಿದ್ದಾರೆ. ಈಗ ಅದನ್ನು ಬರೆದಿಡಬೇಕು. ಯಾರ ಪರವೂ ಅನ್ನಿಸದಂತೆ, ನಾಳೆಯಿಂದ ಪಾಲಿಸಲು ಆಗುವಂತೆ ಹೇಗೆ ಬರೆಯಲಿ?

ಉತ್ತರ:

ಜಗಳದ ಕಥೆಯನ್ನು ಟಿಪ್ಪಣಿಯಲ್ಲಿ ಬರೆಯಬೇಡಿ. ಯಾರು ಏನಂದರು, ಯಾರು ಮೊದಲು ಕೂಗಿದರು ಎಂದು ಬರೆದ ಕೂಡಲೇ ಅದು ವಿಚಾರಣಾ ವರದಿ ಆಗಿಬಿಡುತ್ತದೆ. ಸಹಿ ಹಾಕುವವರು ಒಂದೊಂದು ಪದಕ್ಕೂ ವಾದಕ್ಕಿಳಿಯುತ್ತಾರೆ. ಹಿನ್ನೆಲೆಗೆ ಎರಡೇ ಸಾಲು ಸಾಕು: ‘ಪಾಳಿ ಬದಲಾಗುವಾಗ ಬಾಕಿ ಸ್ಯಾಂಪಲ್‌ಗಳ ಮಾಹಿತಿ ಹಸ್ತಾಂತರ ಮತ್ತು ಕೆಲಸದ ತಕರಾರನ್ನು ಪ್ರಸ್ತಾಪಿಸುವ ರೀತಿ, ಈ ಎರಡು ವಿಷಯಗಳ ಬಗ್ಗೆ ಇಬ್ಬರೂ ಮಾತುಕತೆ ನಡೆಸಿದರು. ಕೆಳಗಿನವುಗಳಿಗೆ ಇಬ್ಬರೂ ಒಪ್ಪಿದ್ದಾರೆ.’ ಮೇಲೆ ದಿನಾಂಕ, ಇಬ್ಬರ ಹೆಸರು ಮತ್ತು ಹುದ್ದೆ, ನಿಮ್ಮ ಹೆಸರು ಇರಲಿ. ಹೆಸರುಗಳನ್ನು ಅಕಾರಾದಿಯಲ್ಲಿ ಹಾಕಿದರೆ ಯಾರನ್ನು ಮೊದಲು ಬರೆದಿರಿ ಎಂಬ ಮಾತೇ ಏಳುವುದಿಲ್ಲ.

ಮುಖ್ಯ ಕೆಲಸ ಇರುವುದು ಒಪ್ಪಿದ ಅಂಶಗಳಲ್ಲಿ. ಬರೆದ ಪ್ರತಿ ಸಾಲನ್ನೂ ಹೀಗೆ ಪರೀಕ್ಷಿಸಿ: ಮಾತುಕತೆಯಲ್ಲಿ ಇಲ್ಲದ ಮೂರನೆಯವರೊಬ್ಬರು ಎರಡು ವಾರದ ಬಳಿಕ ಈ ಹಾಳೆ ಹಿಡಿದು ಬಂದರೆ, ಯಾರನ್ನೂ ಕೇಳದೆ ಆ ಸಾಲು ನಡೆದಿದೆಯೋ ಇಲ್ಲವೋ ಹೇಳಬಲ್ಲರೇ? ‘ಬಾಕಿ ಕೆಲಸವನ್ನು ಸರಿಯಾಗಿ ತಿಳಿಸುವುದು’ ಎಂಬ ಸಾಲು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ‘ಸರಿಯಾಗಿ’ ಅಂದರೆ ಎಷ್ಟು ಎಂಬುದಕ್ಕೇ ಇವರ ಜಗಳ ನಡೆದಿರುತ್ತದೆ. ನಿಮ್ಮ ಲ್ಯಾಬ್‌ಗೆ ನಾನಾದರೆ ಹೀಗೆ ಬರೆಯುತ್ತೇನೆ. ಪಾಳಿ ಮಧ್ಯಾಹ್ನ 2ಕ್ಕೆ ಬದಲಾಗುತ್ತದೆ ಎಂದುಕೊಂಡಿದ್ದೇನೆ; ‘ಪಾಳಿಯವರು’ ಎಂದಿರುವ ಕಡೆ ನೀವು ಹೆಸರು ಹಾಕಿ.

‘1. ಬೆಳಗಿನ ಪಾಳಿಯವರು ಪ್ರತಿದಿನ ಮಧ್ಯಾಹ್ನ 1:50ರೊಳಗೆ ಹ್ಯಾಂಡೋವರ್ ರಿಜಿಸ್ಟರ್‌ನಲ್ಲಿ ಪ್ರತಿ ಬಾಕಿ ಸ್ಯಾಂಪಲ್‌ನ ನಂಬರ್, ಯಾವ ಪರೀಕ್ಷೆ, ಬಾಕಿ ಉಳಿದ ಕಾರಣ, ವಾರ್ಡಿಗೆ ತಿಳಿಸಲಾಗಿದೆಯೇ ಎಂಬುದನ್ನು ಬರೆಯುತ್ತಾರೆ. ಬಾಕಿ ಇಲ್ಲದ ದಿನ “ಬಾಕಿ ಇಲ್ಲ” ಎಂದು ಬರೆದು ಸಹಿ ಮಾಡುತ್ತಾರೆ.

2. ಮಧ್ಯಾಹ್ನದ ಪಾಳಿಯವರು 2:10ರೊಳಗೆ ರಿಜಿಸ್ಟರ್ ಓದಿ, ರ‍್ಯಾಕ್‌ನಲ್ಲಿರುವ ಸ್ಯಾಂಪಲ್‌ಗಳೊಂದಿಗೆ ತಾಳೆ ನೋಡಿ, ಸಮಯ ನಮೂದಿಸಿ ಸಹಿ ಮಾಡುತ್ತಾರೆ. ವ್ಯತ್ಯಾಸವಿದ್ದರೆ ಬೆಳಗಿನ ಪಾಳಿಯವರು ಹೊರಡುವ ಮೊದಲೇ ಕೇಳುತ್ತಾರೆ.

3. ಕೆಲಸದ ತಕರಾರಿದ್ದರೆ ಇಬ್ಬರೂ ಅದನ್ನು ರೋಗಿಗಳಿಲ್ಲದ ಕೋಣೆಯಲ್ಲಿ, ಅದೇ ದಿನ ಅಥವಾ ಮರುದಿನದ ಹಸ್ತಾಂತರದ ವೇಳೆ, ನೇರವಾಗಿ ಪ್ರಸ್ತಾಪಿಸುತ್ತಾರೆ. ವಿಭಾಗದ ವಾಟ್ಸಾಪ್ ಗುಂಪಿನಲ್ಲಿ ಬರೆಯುವುದಿಲ್ಲ. ತುರ್ತು ಪರೀಕ್ಷೆಯ ವಿಷಯವಾದರೆ ತಕ್ಷಣ ಫೋನ್ ಮಾಡುತ್ತಾರೆ.’

‘ಬಾಕಿ ಇಲ್ಲ’ ಎಂಬ ಸಾಲು ಬೇಕೇ ಎಂದು ಅನ್ನಿಸಬಹುದು. ಬೇಕು. ಖಾಲಿ ಪುಟ ಕಂಡರೆ ಬಾಕಿ ಇರಲಿಲ್ಲವೋ, ಬರೆಯಲು ಮರೆತರೋ ಗೊತ್ತಾಗುವುದಿಲ್ಲ. ಮುಂದಿನ ಜಗಳ ಅಲ್ಲೇ ಶುರುವಾಗುತ್ತದೆ. ಕಾರಣದ ಕಾಲಂ ಕೂಡ ಬಿಡಬೇಡಿ. ಸೆಂಟ್ರಿಫ್ಯೂಜ್ ಮಾಡದೆ ಉಳಿದ ರಕ್ತದಲ್ಲಿ ಹೊತ್ತು ಕಳೆದಂತೆ ಗ್ಲೂಕೋಸ್ ಇಳಿಯುತ್ತದೆ, ಪೊಟ್ಯಾಸಿಯಂ ಏರಿದಂತೆ ತೋರುತ್ತದೆ. ಮೊದಲೇ ಸೀರಂ ಬೇರೆ ಮಾಡಿಟ್ಟಿದ್ದು, ಮೆಷಿನ್ ತೊಂದರೆಯಿಂದ ನಿಂತ ಸ್ಯಾಂಪಲ್ ಆದರೆ ಓಡಿಸಬಹುದು. ಹಾಗೇ ಉಳಿದದ್ದಾದರೆ ಮತ್ತೆ ರಕ್ತ ತೆಗೆಯಲು ವಾರ್ಡಿಗೆ ಹೇಳಬೇಕಾಗಬಹುದು. ಕಾರಣ ಬರೆದಿದ್ದರೆ ಮಧ್ಯಾಹ್ನದವರು ಊಹಿಸಬೇಕಾಗಿಲ್ಲ.

ಎರಡನೇ ಅಂಶದಲ್ಲಿ ಒಂದು ತೊಡಕಿದೆ. 2:10ರವರೆಗೆ ಬೆಳಗಿನವರು ಇರಬೇಕೆಂದರೆ ಅವರ ಪಾಳಿ 10 ನಿಮಿಷ ಉದ್ದವಾಯಿತು. ಅದನ್ನು ಇವರಿಬ್ಬರೇ ತಮ್ಮ ನಡುವೆ ಒಪ್ಪಿಕೊಂಡರೆ ಸಾಲದು. ಡ್ಯೂಟಿ ಪಟ್ಟಿ ಮೇಲ್ವಿಚಾರಕರ ಕೈಯಲ್ಲಿದೆ. ಇಂಥ ಟಿಪ್ಪಣಿಗಳು ಹೆಚ್ಚಾಗಿ ಮುರಿಯುವುದು ಇಲ್ಲೇ. ಮೊದಲ ವಾರ ಉಳಿಯುತ್ತಾರೆ, ಎರಡನೇ ವಾರ ಬಸ್ಸಿಗೆ ಹೊತ್ತಾಯಿತೆಂದು ಹೊರಡುತ್ತಾರೆ, ‘ಮಾತು ತಪ್ಪಿದರು’ ಎಂಬ ಹೊಸ ದೂರು ಹುಟ್ಟುತ್ತದೆ. ಆದ್ದರಿಂದ ಬೇರೆ ಸಾಲೊಂದನ್ನು ಹಾಕಿ: ‘4. ಹಸ್ತಾಂತರದ 10 ನಿಮಿಷವನ್ನು ಡ್ಯೂಟಿ ಸಮಯದಲ್ಲಿ ಸೇರಿಸುವ ಬಗ್ಗೆ ಮೇಲ್ವಿಚಾರಕರು ಇಂಥ ದಿನಾಂಕದೊಳಗೆ ಲಿಖಿತವಾಗಿ ತಿಳಿಸುತ್ತಾರೆ. ಅಲ್ಲಿಯವರೆಗೆ ಬೆಳಗಿನವರು 2ಕ್ಕೆ ಹೊರಡಬಹುದು. ವ್ಯತ್ಯಾಸವಿದ್ದರೆ ಮಧ್ಯಾಹ್ನದವರು 2:30ರೊಳಗೆ ಫೋನ್‌ನಲ್ಲಿ ಕೇಳುತ್ತಾರೆ.’ ಈ ಸಾಲಿನ ಎದುರು ಮೇಲ್ವಿಚಾರಕರ ಸಹಿಯೂ ಬೇಕು. ಅವರ ಒಪ್ಪಿಗೆ ಇಲ್ಲದೆ ಅವರ ಹೆಸರಿನಲ್ಲಿ ಕೆಲಸ ಬರೆಯಬೇಡಿ.

ಇನ್ನು ತಟಸ್ಥ ಭಾಷೆ. ಬೈಗುಳದ ಪದ ಬಿಟ್ಟರೆ ಮುಗಿಯಿತು ಎಂದುಕೊಳ್ಳುತ್ತಾರೆ, ಆದರೆ ವಾಲುವಿಕೆ ಸಣ್ಣ ಪದಗಳಲ್ಲಿ ಕೂತಿರುತ್ತದೆ. ‘ಇನ್ನು ಮುಂದೆ ಕೂಗಾಡುವುದಿಲ್ಲ’ ಎಂದು ಬರೆದರೆ ಇಲ್ಲಿಯವರೆಗೆ ಕೂಗಾಡುತ್ತಿದ್ದರು ಎಂದು ದಾಖಲಾಯಿತು. ಅದಕ್ಕೇ ಮೂರನೇ ಅಂಶದಲ್ಲಿ ಎಲ್ಲಿ, ಯಾವಾಗ ಮಾತಾಡುತ್ತಾರೆ ಎಂದಷ್ಟೇ ಇದೆ. ಒಬ್ಬರಿಗೆ ‘ತಿಳಿಸಿದರು’, ಇನ್ನೊಬ್ಬರಿಗೆ ‘ಒಪ್ಪಿಕೊಂಡರು’ ಬಳಸಿದರೂ ಅಷ್ಟೇ, ಎರಡನೆಯವರು ತಪ್ಪಿತಸ್ಥರಂತೆ ಕಾಣುತ್ತಾರೆ. ಒಬ್ಬರು ಹಿರಿಯರಾಗಿದ್ದು ಅವರಿಗೆ ಮಾತ್ರ ‘ಸರ್’ ಅಥವಾ ‘ಮೇಡಂ’ ಸೇರಿಸಿದರೂ ಅದೇ ಆಗುತ್ತದೆ. ಇಬ್ಬರಿಗೂ ಬರೀ ಹೆಸರು, ಬಹುವಚನದ ಕ್ರಿಯಾಪದ ಸಾಕು. ಒಬ್ಬರು ಕ್ಷಮೆ ಕೇಳಿದ್ದರೆ ಸಂತೋಷ, ಅದನ್ನು ಹಾಳೆಗೆ ತರಬೇಡಿ. ಮುಂದೆ ಬಡ್ತಿಯ ಹೊತ್ತಿನಲ್ಲಿ ಯಾರಾದರೂ ಅದನ್ನು ತಪ್ಪೊಪ್ಪಿಗೆ ಎಂದು ಓದಬಹುದು.

‘ಅವರು ಬರೆದರೆ ನಾನು ಸಹಿ ಮಾಡುತ್ತೇನೆ’ ಎಂಬ ಷರತ್ತನ್ನೂ ಹಾಗೇ ಇಳಿಸಬೇಡಿ. ಒಂದು ಕಡೆ ಒಂದು ದಿನ ತಪ್ಪಿದರೆ ಇಡೀ ಒಪ್ಪಂದ ಕುಸಿಯುತ್ತದೆ. ರಿಜಿಸ್ಟರ್‌ನಲ್ಲಿ ಏನೂ ಬರೆದಿಲ್ಲದಿದ್ದರೂ ಮಧ್ಯಾಹ್ನದವರು ತಾಳೆ ನೋಡಿ, ‘ನಮೂದು ಇಲ್ಲ’ ಎಂದು ಬರೆದು ಸಹಿ ಮಾಡಲಿ.

ಹೋದ ಸಲದ ವರದಿ ತಡವಾದದ್ದು ಯಾರಿಂದ ಎಂಬಂಥ ವಿಷಯದಲ್ಲಿ ಒಮ್ಮತ ಬಾರದಿದ್ದರೆ ಅದನ್ನು ಮರೆಮಾಚಬೇಡಿ. ‘ಈ ಬಗ್ಗೆ ಇಬ್ಬರ ಅಭಿಪ್ರಾಯ ಬೇರೆ ಇದೆ, ಈ ಟಿಪ್ಪಣಿ ಅದನ್ನು ನಿರ್ಧರಿಸುವುದಿಲ್ಲ’ ಎಂದು ಬರೆಯಿರಿ. ಒಪ್ಪದ್ದನ್ನು ಒಪ್ಪಿದ್ದಾರೆಂದು ಬರೆದರೆ ಉಳಿದ ಸಾಲುಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಕೊನೆಗೆ ಪರಿಶೀಲನೆಯ ದಿನಾಂಕಗಳು: 14 ದಿನದ ಬಳಿಕ ಒಮ್ಮೆ, 6 ವಾರದ ಬಳಿಕ ಇನ್ನೊಮ್ಮೆ, ಮೂವರೂ ರಿಜಿಸ್ಟರ್ ಎದುರಿಟ್ಟುಕೊಂಡು 20 ನಿಮಿಷ ಕೂರಲಿ. ಮಧ್ಯೆ ಯಾವುದಾದರೂ ಅಂಶ ತಪ್ಪಿದರೆ ಮೊದಲು ನೇರವಾಗಿ ಹೇಳುವುದು, ಮತ್ತೆ ತಪ್ಪಿದರೆ ನಿಮಗೆ ತಿಳಿಸುವುದು ಎಂದಿರಲಿ. ‘ಶಿಸ್ತು ಕ್ರಮ’ ಎಂಬ ಪದ ಬಂದರೆ ಇದು ಎಚ್ಚರಿಕೆ ಪತ್ರದಂತಾಗುತ್ತದೆ, ಸಹಿಗೆ ಹಿಂಜರಿಯುತ್ತಾರೆ. ಕರಡನ್ನು ಅದೇ ಕೋಣೆಯಲ್ಲಿ ಗಟ್ಟಿಯಾಗಿ ಓದಿ, ಇಬ್ಬರೂ ತಮ್ಮ ಪದ ಬದಲಿಸಲು ಬಿಡಿ, ಆಮೇಲೆ ಸಹಿ. ಇಬ್ಬರಿಗೂ ಒಂದೊಂದು ಪ್ರತಿ, ನಿಮ್ಮ ಬಳಿ ಒಂದು. ಮೇಲ್ವಿಚಾರಕರಿಗೆ ನಾಲ್ಕು ಅಂಶಗಳು ಮಾತ್ರ ಹೋಗಲಿ. ಮಾತುಕತೆಯಲ್ಲಿ ನೀವು ಗೀಚಿಕೊಂಡದ್ದು ಯಾರಿಗೂ ಹೋಗಬಾರದು.

ಒಂದು ಮಿತಿ ಗಮನಿಸಿ. ಮಾತುಕತೆಯ ಮಧ್ಯೆ ಲೈಂಗಿಕ ಕಿರುಕುಳದ ವಿಷಯ ಬಂದರೆ ಇಂಥ ಟಿಪ್ಪಣಿ ಬರೆಯಬೇಡಿ. ಆ ದೂರು 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿಗೆ ಹೋಗಬೇಕು. ಅಲ್ಲಿ ರಾಜಿ ನಡೆಯುವುದು ದೂರು ಕೊಟ್ಟ ಮಹಿಳೆಯೇ ಕೋರಿದರೆ ಮಾತ್ರ, ಅದನ್ನು ದಾಖಲಿಸುವುದೂ ಸಮಿತಿಯೇ.